ಚದರಡಿ ದರದ ನಿಜ ಲೆಕ್ಕ

ಬೆಂಗಳೂರಿನ ಫ್ಲ್ಯಾಟ್ ಬ್ರೋಷರ್ ಒಂದರಲ್ಲಿ 1,200 ಚದರಡಿ, ಚದರಡಿಗೆ 7,000 ರೂಪಾಯಿ ಎಂದಿದೆ ಅಂದುಕೊಳ್ಳಿ. ಒಟ್ಟು 84 ಲಕ್ಷ. ಈ 1,200 ಸೂಪರ್ ಬಿಲ್ಟ್ ಅಪ್ ಅಳತೆ. ಮೆಟ್ಟಿಲು, ಲಿಫ್ಟ್, ಕಾರಿಡಾರ್, ಕ್ಲಬ್‌ಹೌಸ್‌ಗಳಲ್ಲಿ ನಿಮ್ಮ ಪಾಲೂ ಇದರಲ್ಲಿ ಸೇರಿದೆ. ಆ ಪಾಲನ್ನು ಕಳೆದರೆ ಬಿಲ್ಟ್ ಅಪ್ ಉಳಿಯುತ್ತದೆ. ಹೊರಗೋಡೆ, ಬಾಲ್ಕನಿಗಳನ್ನೂ ಬಿಟ್ಟರೆ ಕಾರ್ಪೆಟ್ ಏರಿಯಾ. ಒಳಗಿನ ಅಡ್ಡಗೋಡೆಗಳು ಮಾತ್ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್‌ನಲ್ಲೇ ಸೇರುತ್ತವೆ.

ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಕಾರ್ಪೆಟ್ 816 ಎಂದಿದ್ದರೆ, ಅದು 1,200ರಲ್ಲಿ ಶೇ 68. ಈಗ 84 ಲಕ್ಷವನ್ನು 816ರಿಂದ ಭಾಗಿಸಿ: ಚದರಡಿಗೆ ಸುಮಾರು 10,294 ರೂಪಾಯಿ.

ಪಕ್ಕದ ಯೋಜನೆಯಲ್ಲಿ ದರ 7,300, ಅಳತೆ 1,120, ಕಾರ್ಪೆಟ್ 840 ಇದೆಯೆನ್ನಿ. ಬೆಲೆ 81.76 ಲಕ್ಷ, ಕಾರ್ಪೆಟ್ ಲೆಕ್ಕದಲ್ಲಿ ಸುಮಾರು 9,733. ದುಬಾರಿಯಾಗಿ ಕಂಡದ್ದೇ ಅಗ್ಗ, ಒಳಗೆ ಜಾಗವೂ ಹೆಚ್ಚು.

ಪಾರ್ಕಿಂಗ್, ಕ್ಲಬ್ ಶುಲ್ಕ, ಜಿಎಸ್‌ಟಿ ಸೇರಿಸಿದ ಮೇಲೆಯೇ ಭಾಗಿಸಿ. ಬಾಲ್ಕನಿಯನ್ನು ಕಾರ್ಪೆಟ್‌ಗೆ ಸೇರಿಸಿ ಹೇಳುವವರಿದ್ದಾರೆ. ಆದ್ದರಿಂದ ನಕ್ಷೆಯಲ್ಲಿ ಕೋಣೆಗಳ ಉದ್ದಗಲ ಗುಣಿಸಿ ಕೂಡಿ ನೋಡಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೋಂದಾಯಿಸಿದ ಕಾರ್ಪೆಟ್ ಅಳತೆಯೊಂದಿಗೆ ಹೋಲಿಸಿ. ಮಾರಾಟ ಕರಾರಿನಲ್ಲೂ ಅದೇ ಅಂಕಿ ಇರಬೇಕು.