ಜೂನ್ 1ರ ಸರ್‌ಗೆ ಡಿಸೆಂಬರ್ 11ರ ಶುಭಾಶಯ

ಪ್ರೀತಿಯ ಗಣಿತದ ಸರ್,

ಹುಟ್ಟುಹಬ್ಬದ ಶುಭಾಶಯಗಳು. ಇವತ್ತಿಗೆ ನಿಮಗೆ ಐವತ್ತೆಂಟು. ಹಳೇ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಜೂನ್ 1ಕ್ಕೇ ಕೇಕಿನ ಚಿತ್ರ ಹಾಕಿದ್ದರು. ನಾನು ಮಾತ್ರ ಈ ದಿನಕ್ಕೆ ಕಾದೆ.

ನಿಮ್ಮ ಕಾಲದಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನದ ಚೀಟಿ ಯಾರ ಹತ್ತಿರವೂ ಇರುತ್ತಿರಲಿಲ್ಲ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು ಹೆಡ್‌ಮಾಸ್ತರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ‘ನಮ್ಮೂರಾಗ ಅರ್ಧ ಮಂದಿ ಅವಳಿ-ಜವಳಿ’ ಎಂದು ನೀವು ನಗಿಸುತ್ತಿದ್ದಿರಿ.

ನಿಮ್ಮ ಅವ್ವನಿಗೆ ನೆನಪಿದ್ದದ್ದು ಎರಡೇ ಸಂಗತಿ: ‘ಸೋಮಾರ ನಸುಕಿನ್ಯಾಗ ಹುಟ್ಟಿದಿ. ಅವತ್ತ ನೆಲ ನಡುಗಿತ್ತು.’ ಬೆಳಗಾವಿ ಸೀಮೆಯವರು ಮರೆಯದ ಆ ನಡುಕ ಕೊಯ್ನಾ ಭೂಕಂಪದ್ದು. 1967ರ ಡಿಸೆಂಬರ್ 11, ಬೆಳಗಿನ ಜಾವ 4 ಗಂಟೆ 21 ನಿಮಿಷ. ಅದು ಸೋಮವಾರವೇ ಹೌದೋ ಅಲ್ಲವೋ? 2017ರ ಅದೇ ದಿನ ನೀವು ಏಳನೇ ತರಗತಿಯ ನಮಗೆ ಈ ಲೆಕ್ಕ ಕೊಟ್ಟಿರಿ.

365 ದಿನ ಅಂದರೆ 52 ವಾರ, ಮೇಲೊಂದು ದಿನ. ಹಾಗಾಗಿ ಒಂದೇ ತಾರೀಖು ವರ್ಷಕ್ಕೊಂದು ವಾರ ಮುಂದೆ ಸರಿಯುತ್ತದೆ. ನಡುವೆ ಫೆಬ್ರವರಿ 29 ಬಂದರೆ ಎರಡು. ಐವತ್ತು ವರ್ಷಕ್ಕೆ ಐವತ್ತು ದಿನ. ಅಧಿಕ ವರ್ಷ ಎಷ್ಟು? ಹಿಂದಿನ ಬೆಂಚಿನವನು ಐವತ್ತನ್ನು ನಾಲ್ಕರಿಂದ ಭಾಗಿಸಿ ಹನ್ನೆರಡು ಎಂದ. ನೀವು ಬೈಯಲಿಲ್ಲ. 1968, 1972 ಎಂದು 2016ರವರೆಗೆ ಬೋರ್ಡಿನ ಮೇಲೆ ಅವನಿಂದಲೇ ಬರೆಸಿದಿರಿ. ಹದಿಮೂರು! ಒಟ್ಟು 63, ಏಳರಿಂದ ಸರಿಯಾಗಿ ಭಾಗವಾಯಿತು. ಅಂದರೆ 1967ರ ಆ ದಿನವೂ ಇವತ್ತಿನ ವಾರವೇ.

‘ಇವತ್ತ ಯಾವ ವಾರ?’ ಎಂದಿರಿ. ‘ಸೋಮವಾರ!’ ಎಂದು ಇಡೀ ತರಗತಿ ಕೂಗಿದ್ದು ಅಡುಗೆ ಕೋಣೆಯವರೆಗೂ ಕೇಳಿಸಿತ್ತು.

‘ಬರೇ ವಾರ ಹೊಂದಿದ್ರ ನಂಬಬ್ಯಾಡ್ರಿ, ಏಳರಾಗ ಒಮ್ಮೆ ಸುಮ್ಮನೂ ಹೊಂದ್ತದ. ಭೂಕಂಪನೂ ಕೂಡಿತು, ಅದಕ್ಕ ನಂಬೂಣು’ ಎಂದಿರಿ. ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಳ್ಳುವಾಗ ಈಗಲೂ ಆ ಮಾತು ಕಿವಿಯಲ್ಲಿರುತ್ತದೆ.

ಆದರೆ ಸರ್ಕಾರಕ್ಕೆ ಆ ಲೆಕ್ಕ ಬೇಡ. ತಿಂಗಳ ಒಂದನೇ ತಾರೀಖು ಹುಟ್ಟಿದವರು ಅರವತ್ತಕ್ಕೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರು. ನಿಮಗದು 2027ರ ಮೇ 31. ಅವ್ವನ ಲೆಕ್ಕದಂತಾದರೆ ಡಿಸೆಂಬರ್ 31. ಏಳು ತಿಂಗಳ ಸಂಬಳ ಹೋಯಿತು. ನನಗೆ ಅದಕ್ಕಿಂತ ಬೇಸರವೆಂದರೆ, ಆ ಜೂನ್‌ನಲ್ಲಿ ಏಳನೇ ತರಗತಿಗೆ ಬರುವ ಮಕ್ಕಳಿಗೆ ನೀವು ಸಿಗುವುದಿಲ್ಲ. ತಿದ್ದಿಸಬಹುದಿತ್ತಲ್ಲ ಎಂದು ಕೇಳಿದಾಗ, ‘ನೌಕರಿ ಸೇರಿ ಮೂರು ವರ್ಷದಾಗ ಕೇಳಬೇಕಿತ್ತಪಾ. ಅವ್ವನ ನೆನಪಿಗೆ ಸರ್ಟಿಫಿಕೇಟ್ ಎಲ್ಲಿಂದ ತರ್ಲಿ?’ ಎಂದು ನಕ್ಕಿದ್ದಿರಿ.

ನಿಮ್ಮ ನಿಜವಾದ ಅರವತ್ತು ಯಾವ ವಾರ ಬೀಳುತ್ತದೆಂದು ಕ್ಯಾಲೆಂಡರ್ ನೋಡದೆ ಲೆಕ್ಕ ಹಾಕಿದೆ: ಶನಿವಾರ. ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಮನೆಗೆ ಬರುತ್ತೇನೆ, ಸರ್.