ಸೆಕೆಂಡ್ ಹ್ಯಾಂಡ್ ಪಿಎಸ್4 ತಗೊಳ್ತೀರಾ? ಮೊದಲು ಡಿಸ್ಕ್ ನೋಡಿ, ಆಮೇಲೆ ಕನ್ಸೋಲ್

ಇವತ್ತಿನ ವಿಷ್ಯ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ತಿಪಟೂರಿನಲ್ಲಿರೋ ನನ್ನ ಚಿಕ್ಕಮ್ಮನ ಮಗ ಫೋನ್ ಮಾಡಿ, "ಅಕ್ಕಾ, ಇಪ್ಪತ್ತು ಸಾವಿರ ಕೂಡಿಟ್ಟಿದೀನಿ, ಯಾವ ಕನ್ಸೋಲ್ ತಗೊಳ್ಳಲಿ?" ಅಂದ. ಪಾರ್ಟ್ ಟೈಮ್ ಕೆಲಸ ಮಾಡಿ ಒಂದು ವರ್ಷ ಕೂಡಿಸಿದ ದುಡ್ಡು. ನಾನು ತಿರುಗಿ ಎರಡು ಪ್ರಶ್ನೆ ಕೇಳಿದೆ. ಏನೇನು ಆಡ್ಬೇಕು? ಮನೇಲಿ ನೆಟ್ ಹೇಗಿದೆ?

ಮನೇಲಿ ಬ್ರಾಡ್‌ಬ್ಯಾಂಡ್ ಇಲ್ಲ. ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಈ ಒಂದೇ ಉತ್ತರದಿಂದ ಅರ್ಧ ಅಂಗಡಿ ಬಾಗಿಲು ಮುಚ್ಚಿತು. ಯಾಕಂದ್ರೆ ದೊಡ್ಡ ಗೇಮ್ ಒಂದು ಸುಲಭವಾಗಿ 50 ಜಿಬಿ ದಾಟುತ್ತೆ. ದಿನಕ್ಕೆ ಒಂದೂವರೆ ಜಿಬಿಯಲ್ಲಿ ಅದನ್ನ ಇಳಿಸೋಕೆ ತಿಂಗಳ ಮೇಲಾಗುತ್ತೆ, ಅದೂ ಮನೆಯಲ್ಲಿ ಯಾರೂ ಒಂದು ವಿಡಿಯೋ ಕೂಡ ನೋಡದೇ ಇದ್ರೆ. ಹಾಗಾಗಿ ನಮಗೆ ಬೇಕಿದ್ದದ್ದು ಪೂರ್ತಿ ಗೇಮ್ ಡಿಸ್ಕ್ ಒಳಗೇ ಇರೋ ಕನ್ಸೋಲ್. ಮತ್ತೆ ಆ ಡಿಸ್ಕ್ ನಮ್ಮೂರಲ್ಲಿ ಸಿಗಬೇಕು, ಕಡಿಮೆಗೆ ಸಿಗಬೇಕು.

ಮೊದಲು ಬೇಡ ಅಂದುಕೊಂಡವುಗಳನ್ನ ಬೇಗ ಹೇಳಿಬಿಡ್ತೀನಿ. ಪಿಎಸ್2 ಅಂದ್ರೆ ನಮ್ಮಲ್ಲಿ ಅನೇಕರಿಗೆ ಕ್ರಿಕೆಟ್ 07 ನೆನಪಾಗುತ್ತೆ. ಆದ್ರೆ ಇಲ್ಲಿ ಅದರ ಡಿಸ್ಕ್‌ಗಳಲ್ಲಿ ಕಾಪಿ ಹೊಡೆದವೇ ಜಾಸ್ತಿ. ಲೆನ್ಸ್‌ಗಳಿಗೂ ವಯಸ್ಸಾಗಿದೆ. ಎಕ್ಸ್‌ಬಾಕ್ಸ್ 360 ಅಗ್ಗ, ಆದ್ರೆ ಅದರ ಆನ್‌ಲೈನ್ ಅಂಗಡಿ 2024ರ ಜುಲೈ 29ಕ್ಕೆ ಮುಚ್ಚಿದೆ, ಜೊತೆಗೆ ಅದರ ಕೆಲವು ಡಿಸ್ಕ್‌ಗಳಿಗೆ ರೀಜನ್ ಲಾಕ್ ಇದೆ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಎಷ್ಟೋ 360 ಡಿಸ್ಕ್‌ಗಳು ಓಡುತ್ತವೆ ಅಂತಾರೆ, ನಿಜ. ಆದ್ರೆ ಅಲ್ಲಿ ಹಳೇ ಡಿಸ್ಕ್ ಬರೀ ಬೀಗದ ಕೈ ಇದ್ದ ಹಾಗೆ. ಗೇಮ್ ಪೂರ್ತಿ ನೆಟ್‌ನಿಂದಲೇ ಇಳೀಬೇಕು. ನಮ್ಮ ಹುಡುಗನಿಗೆ ಉಪಯೋಗವಿಲ್ಲ. ನಿಂಟೆಂಡೊ ಸ್ವಿಚ್? ಆ ಕಂಪನಿಯ ಸ್ವಂತ ಗೇಮ್‌ಗಳ ಬೆಲೆ ವರ್ಷಗಳು ಕಳೆದ್ರೂ ಸುಲಭಕ್ಕೆ ಇಳಿಯಲ್ಲ, ಹಳೇದೂ ದುಬಾರಿ.

ಉಳಿದದ್ದು ಎರಡು: ಪಿಎಸ್3 ಮತ್ತು ಪಿಎಸ್4. ಎರಡರ ಗೇಮ್‌ಗಳಿಗೂ ಹೆಚ್ಚುಕಮ್ಮಿ ರೀಜನ್ ಲಾಕ್ ಇಲ್ಲ. ದುಬೈನಿಂದ ಬಂದ ಡಿಸ್ಕ್ ಇಲ್ಲೂ ಓಡುತ್ತೆ. ನಮ್ಮ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲಿ ಆ ಥರದ ಡಿಸ್ಕ್‌ಗಳು ತುಂಬಾನೇ ಇರೋದ್ರಿಂದ ಇದು ದೊಡ್ಡ ಅನುಕೂಲ. ಒಂದು ಎಚ್ಚರಿಕೆ: ಪಿಎಸ್4ಗೆ ಪಿಎಸ್3 ಡಿಸ್ಕ್ ಹಾಕಿದ್ರೆ ಓಡಲ್ಲ. ಪಿಎಸ್3 ಬಾಕ್ಸ್ ಸಾಮಾನ್ಯವಾಗಿ ಬಣ್ಣವಿಲ್ಲದ ಪ್ಲಾಸ್ಟಿಕ್, ಪಿಎಸ್4ದು ನೀಲಿ. ರಾಶಿಯಲ್ಲಿ ಹುಡುಕುವಾಗ ಅದೇ ಗುರುತು.

ಪಿಎಸ್3 ಇನ್ನೂ ಅಗ್ಗ ಅಲ್ವಾ, ಅದನ್ನೇ ಯಾಕೆ ತಗೊಳ್ಳಬಾರದು ಅಂತ ನೀವು ಕೇಳ್ತೀರಾ. ಕನ್ಸೋಲ್ ಅಗ್ಗ, ಸರಿ. ಆದ್ರೆ ಅದರ ಅತ್ಯಂತ ಜನಪ್ರಿಯ ಗೇಮ್‌ಗಳಲ್ಲಿ ಎಷ್ಟೋ ಆಮೇಲೆ ಪಿಎಸ್4ಗೆ ಇನ್ನೂ ಚೆನ್ನಾಗಿ, ಇನ್ನೂ ಪೂರ್ತಿಯಾಗಿ ಬಂದಿವೆ. ಬ್ಯಾಟ್‌ಮ್ಯಾನ್ ಅರ್ಕಮ್ ಸಿಟಿಯನ್ನೇ ತಗೊಳ್ಳಿ. 2011ರಲ್ಲಿ ಪಿಎಸ್3ಗೆ ಬಂದಾಗ ಅದರಲ್ಲಿ ಕ್ಯಾಟ್‌ವುಮನ್ ಭಾಗ ತೆರೆಯೋಕೆ ಬಾಕ್ಸ್ ಒಳಗಿನ ಚೀಟಿಯಲ್ಲಿರೋ ಕೋಡ್ ಬೇಕಿತ್ತು. ಕೋಡ್ ಒಂದೇ ಸಲ ಕೆಲಸ ಮಾಡುತ್ತೆ. ಮೊದಲು ಕೊಂಡವನು ಅದನ್ನ ಬಳಸಿ ಆಗಿರುತ್ತೆ. ನಿಮಗೆ ಬರೋದು ಒಂದು ತುಂಡು ಕಡಿಮೆ ಇರೋ ಗೇಮ್. ಅದೇ ಗೇಮ್ 2016ರಲ್ಲಿ ಪಿಎಸ್4ಗೆ 'ರಿಟರ್ನ್ ಟು ಅರ್ಕಮ್' ಅನ್ನೋ ಹೆಸರಲ್ಲಿ ಬಂತು. ಅರ್ಕಮ್ ಅಸೈಲಮ್, ಅರ್ಕಮ್ ಸಿಟಿ ಎರಡೂ ಸೇರಿ, ಹೆಚ್ಚುವರಿ ಭಾಗಗಳ ಸಮೇತ.

ಸೆಕೆಂಡ್ ಹ್ಯಾಂಡ್ ಗೇಮ್ ಆರಿಸೋದ್ರಲ್ಲಿ ನಾನು ಮೊದಲು ನೋಡೋದೇ ಇದನ್ನ. ಡಿಸ್ಕ್ ಒಳಗೆ ಎಷ್ಟಿದೆ, ಚೀಟಿಯಲ್ಲಿ ಎಷ್ಟಿದೆ, ಸರ್ವರ್‌ನಲ್ಲಿ ಎಷ್ಟಿದೆ? ಚೀಟಿಯಲ್ಲಿರೋದು ನಿಮಗೆ ಸಿಗಲ್ಲ ಅಂತಲೇ ಲೆಕ್ಕ ಹಾಕಿ. ಇನ್‌ಫಿನಿಟ್ ವಾರ್‌ಫೇರ್ ಲೆಗಸಿ ಎಡಿಷನ್ ಬಾಕ್ಸ್ ಮೇಲೆ ಮಾಡರ್ನ್ ವಾರ್‌ಫೇರ್ ರೀಮಾಸ್ಟರ್ಡ್ ಹೆಸರು ದೊಡ್ಡದಾಗಿ ಇರುತ್ತೆ, ಆದ್ರೆ ಆ ಎರಡನೇ ಗೇಮ್ ಕೊಟ್ಟಿದ್ದದ್ದು ಕೋಡ್ ರೂಪದಲ್ಲಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋದು ಒಂದು ಗೇಮ್, ಅಷ್ಟೇ.

ಸರ್ವರ್‌ನಲ್ಲಿರೋದು ಇನ್ನೂ ಅಪಾಯ. ದ ಕ್ರೂ ಅನ್ನೋ 2014ರ ಕಾರ್ ರೇಸಿಂಗ್ ಗೇಮ್ ಇದೆ. ಒಬ್ಬರೇ ಆಡಿದ್ರೂ ಅದಕ್ಕೆ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ಈಗ ಆ ಡಿಸ್ಕ್ ಚಹಾ ಲೋಟದ ಕೆಳಗಿಡೋಕೆ ಮಾತ್ರ ಸರಿ. ಅದರ ಮೇಲೆ ಒಂದು ಗೀರೂ ಇಲ್ಲದಿರಬಹುದು, ನೂರು ರೂಪಾಯಿಗೆ ಸಿಗಬಹುದು, ಆದ್ರೂ ನೂರು ರೂಪಾಯಿ ನಷ್ಟ. ಬಾಕ್ಸ್ ಹಿಂದೆ ಸಣ್ಣ ಅಕ್ಷರದಲ್ಲಿ ಇಂಟರ್ನೆಟ್ ಕಡ್ಡಾಯ ಅಂತ ಇದೆಯಾ ನೋಡಿ. ಇದ್ರೆ, ಸರ್ವರ್ ಇನ್ನೂ ಇದೆಯಾ ಅಂತ ಅಲ್ಲೇ ಫೋನಲ್ಲಿ ಹುಡುಕಿ.

ಇನ್ನು ಬೆಲೆ. ನಾನು ಬಿಕಾಂ ಓದಿದವಳು, ಇಲ್ಲಿ ಸ್ವಲ್ಪ ಎಳೀತೀನಿ, ಸಹಿಸ್ಕೊಳ್ಳಿ. ಹಳೇ ಗೇಮ್ ಅಗ್ಗ ಆಗೋದು ಅದು ಕೆಟ್ಟದಾಗಿದೆ ಅಂತಲ್ಲ, ಪ್ರತಿಗಳು ಜಾಸ್ತಿ ಇವೆ ಅಂತ. ಕೋಟಿಗಟ್ಟಲೆ ಮಾರಾಟವಾದ ಗೇಮ್‌ಗೆ ಮಾರುವವರೂ ಜಾಸ್ತಿ. ಪ್ರತಿ ವರ್ಷ ಹೊಸ ಫಿಫಾ ಬಂದ ಕೂಡ್ಲೇ ಹಳೇ ಫಿಫಾವನ್ನ ಎಲ್ಲರೂ ಒಟ್ಟಿಗೇ ಮಾರ್ತಿದ್ರು. ಪಕ್ಕದಲ್ಲಿ ಫ್ರೆಂಡ್ ಕೂರಿಸ್ಕೊಂಡು ಆಡೋಕೆ ಸರ್ವರ್ ಬೇಕಾಗಿಲ್ಲ, ತಂಡದಲ್ಲಿ ಆಟಗಾರರು ಹಳಬರು, ಅಷ್ಟೇ ವ್ಯತ್ಯಾಸ. ಇನ್ನೊಂದು, ರೀಮಾಸ್ಟರ್ ಬಂದ್ರೆ ಹಳೇ ಆವೃತ್ತಿ ಬೆಲೆ ಬೀಳುತ್ತೆ. ಇದರ ಉಲ್ಟಾನೂ ಇದೆ. ಡೆಡ್‌ಪೂಲ್ ಗೇಮ್ ಲೈಸೆನ್ಸ್ ಮುಗಿದು 2017ರಲ್ಲಿ ಆನ್‌ಲೈನ್ ಅಂಗಡಿಗಳಿಂದ ಹೋಯ್ತು. ಆಮೇಲೆ ಉಳಿದದ್ದು ಡಿಸ್ಕ್ ಮಾತ್ರ, ಅದನ್ನ ಇಟ್ಟುಕೊಂಡವರು ಹೇಳಿದ್ದೇ ರೇಟ್. ಇಂಥವನ್ನ ಮೊದಲ ಪಟ್ಟಿಯಲ್ಲಿ ಸೇರಿಸಬೇಡಿ.

ಈಗ ತಿಪಟೂರಿನ ಲೆಕ್ಕ. ಇವು ನಾವು ಕೊಟ್ಟ ಬೆಲೆ. ನಿಮ್ಮೂರಲ್ಲಿ ಹೆಚ್ಚು ಕಮ್ಮಿ ಆಗುತ್ತೆ. 500 ಜಿಬಿಯ ಪಿಎಸ್4 ಸ್ಲಿಮ್, ಒಂದು ಕಂಟ್ರೋಲರ್ ಜೊತೆ, 13,500 ರೂಪಾಯಿ. ಮಾರುವವರು ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ಹುಡುಗ. ಅವರ ಮನೆಗೇ ಹೋಗಿ, ನಮ್ಮ ಕೈಯಲ್ಲಿದ್ದ ಡಿಸ್ಕ್ ಹಾಕಿ, ಗೇಮ್ ಶುರುವಾಗಿ ಅರ್ಧ ಗಂಟೆ ಓಡೋವರೆಗೂ ಕೂತಿದ್ವಿ. ಅವರಮ್ಮ ಕಾಫಿ ಕೊಟ್ರು ಅನ್ನೋದು ಬೋನಸ್. ಡಿಸ್ಕ್ ಒಳಗೆ ಹೋಗಿ ಓದಬೇಕು, ಒತ್ತಿದಾಗ ವಾಪಸ್ ಬರಬೇಕು. ಈ ಡ್ರೈವ್ ಕೆಟ್ಟಿದ್ರೆ ಡಿಸ್ಕ್ ಓಡಲ್ಲ.

ಉಳಿದದ್ದು 6,500. ಅವನ ಪಟ್ಟಿಯಲ್ಲಿ ಮೊದಲು ರೆಡ್ ಡೆಡ್ ರಿಡೆಂಪ್ಷನ್ 2. ನ್ಯಾಷನಲ್ ಮಾರ್ಕೆಟ್‌ನಲ್ಲಿ ಒಬ್ಬರು 600ಕ್ಕೆ ಕೊಡ್ತೀವಿ ಅಂದ್ರು. ಬಾಕ್ಸ್ ತೆಗೆದು ನೋಡಿದ್ರೆ ಒಳಗೆ ಒಂದೇ ಡಿಸ್ಕ್. ಪಿಎಸ್4ನಲ್ಲಿ ಈ ಗೇಮ್ ಎರಡು ಡಿಸ್ಕ್‌ನಲ್ಲಿ ಬರುತ್ತೆ. ಒಂದು ಡೇಟಾ ಡಿಸ್ಕ್, ಅದನ್ನ ಮೊದಲು ಹಾಕಿ ಇನ್‌ಸ್ಟಾಲ್ ಮಾಡ್ಬೇಕು. ಇನ್ನೊಂದು ಪ್ಲೇ ಡಿಸ್ಕ್, ಆಡುವಾಗ ಒಳಗಿರಬೇಕು. ಡೇಟಾ ಡಿಸ್ಕ್ ಇಲ್ಲದೆ ಬರೀ ಪ್ಲೇ ಡಿಸ್ಕ್ ಇಟ್ಟುಕೊಂಡು ನಮ್ಮ ಹುಡುಗ ಏನೂ ಮಾಡೋಕಾಗಲ್ಲ. ಬೇರೆ ಕಡೆ ಎರಡೂ ಇರೋದನ್ನ 1,000ಕ್ಕೆ ತಗೊಂಡ್ವಿ. ಲಾಸ್ಟ್ ಆಫ್ ಅಸ್ ಪಾರ್ಟ್ 2 ಕೂಡ ಇದೇ ಥರ ಎರಡು ಡಿಸ್ಕ್, ನೆನಪಿರಲಿ.

ಮುಂದಿನದು ವಿಚರ್ 3. ಇಲ್ಲಿ ಬರೀ ಹೆಸರು ನೋಡಿದ್ರೆ ಸಾಲದು, ಎಡಿಷನ್ ನೋಡಿ. 2015ರ ಮೊದಲ ಬಾಕ್ಸ್‌ನಲ್ಲಿ ಮೂಲ ಕಥೆ ಮಾತ್ರ ಇದೆ. 2016ರ ಗೇಮ್ ಆಫ್ ದ ಇಯರ್ ಎಡಿಷನ್‌ನಲ್ಲಿ ಆಮೇಲೆ ಬಂದ ಎರಡು ದೊಡ್ಡ ಕಥೆಗಳೂ ಡಿಸ್ಕ್‌ನಲ್ಲೇ ಇವೆ. ನಾವು 1,100 ಕೊಟ್ವಿ. ಮೂಲ ಬಾಕ್ಸ್ ಇದಕ್ಕಿಂತ 400 ಕಡಿಮೆಗೆ ಸಿಗ್ತಿತ್ತು, ಆದ್ರೆ ಆ ಕಥೆಗಳನ್ನ ಆಮೇಲೆ ನೆಟ್‌ನಿಂದ ಕೊಳ್ಳಬೇಕು. ಜೊತೆಗೆ ಡಿಸ್ಕ್‌ಗೆ ರೀಜನ್ ಲಾಕ್ ಇಲ್ಲದಿದ್ರೂ ಹೀಗೆ ಆಮೇಲೆ ಕೊಳ್ಳೋ ಭಾಗಗಳಿಗೆ ಇದೆ. ಅಮೆರಿಕದ ಡಿಸ್ಕ್‌ಗೆ ಇಲ್ಲಿನ ಅಕೌಂಟ್‌ನಲ್ಲಿ ಕೊಂಡ ಕಥೆ ಸಾಮಾನ್ಯವಾಗಿ ಸೇರಲ್ಲ. ಆ 400 ಉಳಿಸೋಕೆ ಹೋಗಿ ಎಷ್ಟೋ ಜನ ಕೈ ಸುಟ್ಕೊಂಡಿದ್ದಾರೆ.

ಅನ್‌ಚಾರ್ಟೆಡ್ ನೇಥನ್ ಡ್ರೇಕ್ ಕಲೆಕ್ಷನ್ 700. ಮೂರು ಗೇಮ್ ಒಂದೇ ಡಿಸ್ಕ್‌ನಲ್ಲಿ, ಮೂರೂ ಮೂಲತಃ ಪಿಎಸ್3ದು. ನನ್ನ ಪ್ರಕಾರ ಪಿಎಸ್4 ಕೊಂಡವರು ಮೊದಲು ತಗೋಬೇಕಾದ್ದು ಇದೇ. ಫಿಫಾ 19 ನಾನೂರಕ್ಕೆ. ಕ್ರಿಕೆಟ್ 19 ಒಂಬೈನೂರಕ್ಕೆ, ಅದು ಅವನ ಹಠ. ಅದರಲ್ಲಿ ನಮ್ಮ ತಂಡದ ಲೈಸೆನ್ಸ್ ಇಲ್ಲ, ಹಾಗಾಗಿ ಆಟಗಾರರ ಹೆಸರು ಯಾರ್ಯಾರೋ. ಬೇರೆಯವರು ಮಾಡಿಟ್ಟ ತಂಡ ಇಳಿಸ್ಕೊಳ್ಳಬೇಕು, ಇಲ್ಲ ಕೈಯಾರೆ ತಿದ್ದಬೇಕು. ಅವನು ಎರಡು ಸಂಜೆ ಕೂತು ಹನ್ನೊಂದು ಜನರನ್ನೂ ತಿದ್ದಿದ.

ಡಿಸ್ಕ್‌ಗಳಿಗೆ ಒಟ್ಟು 4,100. ಎರಡನೇ ಕಂಟ್ರೋಲರ್ ಒರಿಜಿನಲ್, ಸೆಕೆಂಡ್ ಹ್ಯಾಂಡ್, 2,000. ಎಲ್ಲಾ ಸೇರಿ 19,600.

ಡಿಸ್ಕ್ ಪರೀಕ್ಷೆ ಬಗ್ಗೆ ಒಂದು ಮಾತು. ಪಿಎಸ್3, ಪಿಎಸ್4 ಎರಡೂ ಬ್ಲೂ-ರೇ. ಇದರಲ್ಲಿ ಮಾಹಿತಿ ಇರೋ ಪದರ ಮೇಲ್ಮೈಯಿಂದ 0.1 ಮಿಲಿಮೀಟರ್ ಒಳಗೆ, ಡಿವಿಡಿಯಲ್ಲಿ 0.6. ಮೇಲೆ ಗಟ್ಟಿ ಲೇಪ ಇರೋದ್ರಿಂದ ಸಣ್ಣ ಗೀರು ಬೇಗ ಬೀಳಲ್ಲ. ಆದ್ರೆ ಆಳವಾಗಿ ಬಿದ್ರೆ ಡಿವಿಡಿ ಥರ ಉಜ್ಜಿ ಪಾಲಿಶ್ ಮಾಡಿಸಿ ಉಳಿಸೋಕಾಗಲ್ಲ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಉಗುರಿಗೆ ತಾಗೋ ಗೀರಿದ್ರೆ ಬಿಡಿ. ನಡುವಿನ ತೂತಿನ ಸುತ್ತ ಕೂದಲೆಳೆ ಬಿರುಕು ಇದ್ರೂ ಬಿಡಿ, ಅದು ತಿರುಗ್ತಾ ತಿರುಗ್ತಾ ಬೆಳೆಯುತ್ತೆ.

ಮತ್ತೆ, "ನೂರು ಗೇಮ್ ತುಂಬಿದೆ, ಡಿಸ್ಕ್ ಬೇಕಾಗಿಲ್ಲ" ಅನ್ನೋ ಮಾಡ್ ಮಾಡಿದ ಕನ್ಸೋಲ್‌ಗಳು ತುಂಬಾ ಸಿಗ್ತವೆ, ಅದರಲ್ಲೂ ಪಿಎಸ್3. ಅವು ಕದ್ದ ಪ್ರತಿಗಳು. ಆನ್‌ಲೈನ್ ಹೋದ್ರೆ ಅಕೌಂಟ್, ಕನ್ಸೋಲ್ ಎರಡೂ ಬ್ಯಾನ್ ಆಗಬಹುದು. ಹಾರ್ಡ್ ಡಿಸ್ಕ್ ಹೋದ ದಿನ ನೂರೂ ಹೋಗುತ್ತೆ, ಮಾರೋಕೆ ಏನೂ ಉಳಿಯಲ್ಲ.

ಡಿಸ್ಕ್ ಆದ್ರೆ ಮಾರಬಹುದು. ನಮ್ಮ ಹುಡುಗ ಹೋದ ವಾರ ಅನ್‌ಚಾರ್ಟೆಡ್ ಮೂರೂ ಮುಗಿಸಿ, ತುಮಕೂರಿನ ಒಬ್ಬರಿಗೆ 600ಕ್ಕೆ ಕೊಟ್ಟ. ಮೂರು ಗೇಮ್ ಆಡಿದ್ದಕ್ಕೆ ಖರ್ಚು ನೂರು ರೂಪಾಯಿ. ಆ ದುಡ್ಡಿಗೆ ಈಗ ರಿಟರ್ನ್ ಟು ಅರ್ಕಮ್ ಹುಡುಕ್ತಿದಾನೆ. ನಿಮ್ಮಲ್ಲಿ ಯಾರ ಹತ್ರಾದ್ರೂ ಗೀರಿಲ್ಲದ ಡಿಸ್ಕ್ ಇದ್ರೆ ಮೆಸೇಜ್ ಹಾಕಿ, ಬಾಕ್ಸ್ ತೆಗೆದು ಒಳಗಿನ ಫೋಟೋ ಸಮೇತ.