ಕುರ್ಚಿಗೆ ಹಿಡಿದ ಬಿಸಿಲಿನ ಬೂದಿ

ಯುಗಾದಿಯ ದಿನ ಊಟ ಮುಗಿಸಿ ಗಾಳಿಗೆಂದು ಬಾಲ್ಕನಿಯಲ್ಲಿ ಕೂತಿದ್ದ ನಮ್ಮ ಭಾವ ಎದ್ದು ನಿಂತಾಗ ಅವರ ಕಪ್ಪು ಪ್ಯಾಂಟಿನ ಹಿಂದೆ ಕುರ್ಚಿಯ ಪಟ್ಟಿಗಳ ಅಚ್ಚು ಬಿದ್ದಿತ್ತು. ವಿಭೂತಿ ಎಳೆದ ಹಾಗೆ ಬೆಳ್ಳಗಿನ ಐದು ಗೆರೆ. ಕೈಯಿಂದ ಕೊಡವಿಕೊಳ್ಳುತ್ತ, "ಕೂರೋಕೆ ಕುರ್ಚಿ ಕೊಟ್ಯೋ, ಶಿವಪೂಜೆಗೆ ಕೊಟ್ಯೋ?" ಎಂದರು. ಅಕ್ಕ ನಕ್ಕಳು. ನನ್ನ ಹೆಂಡತಿ ನಗಲಿಲ್ಲ. ಆ ಕುರ್ಚಿಗಳನ್ನು ಗುಜರಿಗೆ ಹಾಕಿ ಎಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು.

ಇದ್ದದ್ದು ಮೂರು ಕುರ್ಚಿ: ಒಂದು ನೀಲಿ, ಎರಡು ಕೆಂಪು. ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿ ಪಡುವಣಕ್ಕೆ ತೆರೆದಿದೆ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಬಿಸಿಲು ನೇರ ಮೈಮೇಲೆ. ಎಂಟು ವರ್ಷ ಅಲ್ಲೇ ನಿಂತ ಕುರ್ಚಿಗಳ ಮೇಲೆ ಬೆರಳು ಎಳೆದರೆ ಸೀಮೆಸುಣ್ಣ ಮುಟ್ಟಿದಂತೆ ಪುಡಿ ಹತ್ತುತ್ತಿತ್ತು. ಆದರೆ ಅವನ್ನು ಬೋರಲು ಹಾಕಿ ನೋಡಿದರೆ ಆಸನದ ತಳದಲ್ಲಿ ಅಂಗಡಿಯಿಂದ ತಂದ ದಿನದ ಬಣ್ಣ ಹಾಗೇ ಇತ್ತು. ಅಲ್ಲೇ ಒಂದು ಪುಟ್ಟ ತ್ರಿಕೋನ, ಅದರೊಳಗೆ 5 ಎಂಬ ಅಂಕಿ. ಅಂದರೆ ಇದು ಪಾಲಿಪ್ರೊಪಿಲೀನ್. ಮದುವೆಮನೆಯಿಂದ ಟೀ ಅಂಗಡಿಯವರೆಗೆ ನಾವು ಕೂರುವ ಅಚ್ಚುಹೊಯ್ದ ಕುರ್ಚಿಗಳು ಹೆಚ್ಚುಕಡಿಮೆ ಎಲ್ಲವೂ ಇದರದೇ. ಮುಂದೆ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಈ ಅಂಕಿಯ ಮೇಲೇ ನಿಂತಿದೆ.

ಪಾಲಿಪ್ರೊಪಿಲೀನ್ ಎಂದರೆ ಉದ್ದುದ್ದ ಸರಪಳಿಯಂಥ ಅಣುಗಳು ಒಂದರೊಳಗೊಂದು ಹೆಣೆದುಕೊಂಡ ವಸ್ತು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಈ ಸರಪಳಿಗಳನ್ನು ಕಡಿಯುತ್ತವೆ, ಕಡಿದ ತುದಿಗೆ ಗಾಳಿಯ ಆಮ್ಲಜನಕ ಅಂಟಿಕೊಳ್ಳುತ್ತದೆ. ತುಂಡಾದ ಮೇಲ್ಪದರ ಕುಗ್ಗಿ, ಕೆರೆ ಬತ್ತಿದಾಗ ತಳದ ಕೆಸರು ಬಿರಿಯುತ್ತದಲ್ಲ, ಹಾಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಬಿರಿಯುತ್ತದೆ. ಕುರ್ಚಿ ಮಾಡುವಾಗ ಪ್ಲಾಸ್ಟಿಕ್ಕಿನ ಜೊತೆ ಸುಣ್ಣಕಲ್ಲಿನ ನುಣ್ಣನೆ ಪುಡಿ ಬೆರೆಸುವುದೂ ಉಂಟು. ಹಿಡಿದಿಟ್ಟುಕೊಂಡಿದ್ದ ಪ್ಲಾಸ್ಟಿಕ್ ಸಡಿಲವಾದಾಗ ಆ ಪುಡಿ ಹೊರಗೆ ಬೀಳುತ್ತದೆ. ಭಾವನ ಪ್ಯಾಂಟಿಗೆ ಹತ್ತಿದ್ದು ಇದೇ, ಸತ್ತ ಪ್ಲಾಸ್ಟಿಕ್ ಮತ್ತು ಸುಣ್ಣ.

ಸಮಾಧಾನದ ಸಂಗತಿಯೆಂದರೆ ಈ ಹಾಳು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ. ಕಿರಣಗಳು ಮೇಲ್ಪದರದಲ್ಲೇ ಹೀರಿಹೋಗುತ್ತವೆ, ಆಮ್ಲಜನಕಕ್ಕೂ ಒಳಗೆ ನುಗ್ಗುವುದು ಕಷ್ಟ. ಕೆಟ್ಟ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನೊಳಗೇ ಇರುತ್ತದೆ, ಅದರ ಕೆಳಗೆ ಹಳೇ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ. ಹಾಗೆಂದು ಬಿರುಕನ್ನು ಕಡೆಗಣಿಸುವಂತಿಲ್ಲ. ಶಾಂಪೂ ಪಾಕೀಟನ್ನು ಎಲ್ಲೆಂದರಲ್ಲಿ ಎಳೆದರೆ ಹರಿಯುವುದಿಲ್ಲ, ಅಂಚಿನಲ್ಲಿ ಸಣ್ಣ ಕಚ್ಚು ಇದ್ದರೆ ಸರ್ರನೆ ಹರಿಯುತ್ತದೆ. ಮೇಲ್ಪದರದ ಬಿರುಕು ಇಡೀ ಕಾಲಿಗೆ ಅಂಥ ಕಚ್ಚಾಗಬಹುದು.

ಅದಕ್ಕೇ ಮೊದಲು ನೋಡಬೇಕಾದ್ದು ಬಣ್ಣವನ್ನಲ್ಲ, ಬಲವನ್ನು. ಕುರ್ಚಿಯನ್ನು ಬೋರಲು ಹಾಕಿ ಹಿಂಗಾಲುಗಳನ್ನು ಎರಡು ಕೈಯಲ್ಲಿ ಹಿಡಿದು ಅಗಲಿಸಿ, ಬಿಡಿ. ಬೆನ್ನು ಆಸನಕ್ಕೆ ಸೇರುವ ಮಡಿಕೆ, ಕಾಲು ಶುರುವಾಗುವ ಒಳತಿರುವು, ಈ ಎರಡು ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ, ಬಗ್ಗಿಸಿದಾಗ ಕೂದಲೆಳೆಯಂಥ ಗೆರೆ ಬಾಯಿಬಿಟ್ಟರೆ ಆ ಕುರ್ಚಿಯ ಕಥೆ ಮುಗಿಯಿತು. ನನ್ನ ಕೆಂಪು ಕುರ್ಚಿಗಳಲ್ಲಿ ಒಂದು ಹೀಗೆ ಅಗಲಿಸಿದಾಗ ಚಿಟ್ ಎಂದಿತು. ಪಾಲಿಪ್ರೊಪಿಲೀನಿಗೆ ಮನೆಯಲ್ಲಿರುವ ಯಾವ ಅಂಟೂ ನೆಟ್ಟಗೆ ಹಿಡಿಯುವುದಿಲ್ಲ. ಕಾಯಿಸಿದ ಕಬ್ಬಿಣದಿಂದ ಬೆಸೆದರೂ ಮನುಷ್ಯರ ಭಾರಕ್ಕೆ ನಂಬುವಂತಿಲ್ಲ. ಅದು ಗುಜರಿಗೆ ಹೋಯಿತು. ಹೆಂಡತಿಗೆ ಮೂರರಲ್ಲಿ ಒಂದು ಗೆಲುವು.

ಉಳಿದೆರಡನ್ನು ಸೋಪಿನ ನೀರು, ತೆಂಗಿನ ನಾರು ಹಾಕಿ ಉಜ್ಜಿ ತೊಳೆದೆ. ಒದ್ದೆ ಇರುವಾಗಲೇ ನೋಡಬೇಕಾದ ಒಂದು ಪರೀಕ್ಷೆಯಿದೆ, ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ. ನೀಲಿ ಕುರ್ಚಿ ನೀರು ಬಿದ್ದ ಕೂಡಲೇ ಕಡುನೀಲಿಯಾಯಿತು, ಆರುತ್ತಿದ್ದಂತೆ ಮತ್ತೆ ಬೂದಿ. ಕೆಂಪು ಕುರ್ಚಿ ಒದ್ದೆಯಾದರೂ ತಿಳಿಗುಲಾಬಿಯಾಗಿಯೇ ಉಳಿಯಿತು. ಬಿರಿದ ಮೇಲ್ಮೈ ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ಬೆಳ್ಳಗೆ ಕಾಣುತ್ತದೆ. ನೀರು ಆ ಬಿರುಕುಗಳನ್ನು ತುಂಬಿದಾಗ ಚದುರುವಿಕೆ ನಿಂತು ಕೆಳಗಿನ ಬಣ್ಣ ಕಾಣುತ್ತದೆ. ನೀಲಿ ಕುರ್ಚಿಯ ಬಣ್ಣ ಹೋಗಿರಲಿಲ್ಲ, ಮರೆಯಾಗಿತ್ತು. ಪ್ಲಾಸ್ಟಿಕ್ಕಿಗೆ ಬೆರೆಸುವ ನೀಲಿ, ಹಸಿರು ಬಣ್ಣಗಳಲ್ಲಿ ಬಿಸಿಲು ತಡೆಯುವಂಥವು ಹೆಚ್ಚು. ಅಗ್ಗದ ಕೆಂಪುಗಳು ಬಿಸಿಲಿಗೆ ಬೇಗ ಸಾಯುತ್ತವೆ. ಕೆಂಪು ಕುರ್ಚಿಯಲ್ಲಿ ಮೇಲ್ಪದರದ ಬಣ್ಣವೇ ಸತ್ತಿತ್ತು.

ನೀರು ಮಾಡಿದ ಕೆಲಸವನ್ನೇ ಕೊಬ್ಬರಿ ಎಣ್ಣೆ ಇನ್ನಷ್ಟು ದಿನ ಮಾಡುತ್ತದೆ. ಎಣ್ಣೆ ಸವರಿ ಹೊಸದಾಯಿತೆಂದು ತೋರಿಸುವ ವಿಡಿಯೋಗಳ ಗುಟ್ಟು ಇಷ್ಟೇ. ಎರಡು ವಾರಕ್ಕೆ ಧೂಳು ಮೆತ್ತಿ ಜಿಡ್ಡಾಗುತ್ತದೆ, ಸತ್ತ ಪದರ ಅಲ್ಲೇ ಇರುತ್ತದೆ. ಬೇಯಿಸಿದ ಅಗಸೆ ಎಣ್ಣೆ ಒಣಗಿ ಪೊರೆಯಾಗುವುದರಿಂದ ಕೆಲವು ತಿಂಗಳು ಬಾಳುತ್ತದೆ ನಿಜ. ಆದರೆ ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಟ್ಟೆಯನ್ನು ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಕಾರಿನ ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಕೂರುವ ಜಾಗವನ್ನು ಜಾರುಬಂಡೆ ಮಾಡುತ್ತದೆ. ಮುಂದೆ ಪೇಂಟ್ ಹೊಡೆಯುವ ಯೋಚನೆಯಿದ್ದರಂತೂ ಅದರ ಹತ್ತಿರ ಸುಳಿಯಬೇಡಿ. ಅದರ ಮೇಲೆ ಯಾವ ಪೇಂಟೂ ಕೂರುವುದಿಲ್ಲ.

ಸತ್ತ ಪದರವನ್ನು ಮುಚ್ಚುವುದಲ್ಲ, ತೆಗೆಯಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿದರೆ ನೀರಿನಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ ಕೊಡುತ್ತಾರೆ. 320, 600 ಮತ್ತು 1000 ನಂಬರಿನವು ಎರಡೆರಡು ಹಾಳೆ ತಂದೆ. ನಂಬರು ಹೆಚ್ಚಿದಷ್ಟೂ ಕಾಗದ ನುಣುಪು. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಕಾಗದ ಅದ್ದಿ ಅದ್ದಿ ಕೈಯಲ್ಲೇ ಉಜ್ಜಬೇಕು. ಮೊದಲು ಹಾಲಿನಂಥ ನೀರು ಇಳಿಯುತ್ತದೆ, ಅದು ಸುಣ್ಣ ಮತ್ತು ಸತ್ತ ಪ್ಲಾಸ್ಟಿಕ್. ಇಳಿಯುವ ನೀರು ಬೆಳ್ಳಗಿನಿಂದ ನೀಲಿಗೆ ತಿರುಗಿದ ಗಳಿಗೆಯಲ್ಲಿ ಗಟ್ಟಿ ಪದರ ಮುಟ್ಟಿದಿರಿ ಎಂದರ್ಥ. ಅಲ್ಲಿಗೆ 320 ಕೆಳಗಿಟ್ಟು 600, ಆಮೇಲೆ 1000. ಮೆಷಿನ್ ಹಾಕಿದರೆ ಬೇಗ ಆಗುತ್ತದೆಂದು ಆಸೆಪಡಬೇಡಿ. ಪಾಲಿಪ್ರೊಪಿಲೀನ್ ಮೆದು ವಸ್ತು, ಮೆಷಿನ್ನಿನ ಬಿಸಿಗೆ ಕರಗಿ ಕಂಬಳಿಯ ಜುಂಗಿನಂತೆ ಏಳುತ್ತದೆ. ಒಣದಾಗಿ ಉಜ್ಜಿದರೆ ಆ ಪುಡಿ ಮೂಗಿಗೆ. ನೀರನ್ನೂ ಗಿಡಕ್ಕೆ ಸುರಿಯದೆ ಹಳೇ ಪಂಚೆಯಲ್ಲಿ ಸೋಸಿ, ಉಳಿದ ಕೆಸರನ್ನು ಒಣಗಿಸಿ ಕಸಕ್ಕೆ ಕೊಟ್ಟೆ. ಒಂದು ಕುರ್ಚಿಗೆ ಎರಡೂವರೆ ಗಂಟೆ ಹಿಡಿಯಿತು. ಪಟ್ಟಿಗಳ ನಡುವಿನ ಸಂದುಗಳೇ ಅರ್ಧ ಹೊತ್ತು ತಿಂದವು.

ಒಣಗಿದಾಗ ನೀಲಿ ಕುರ್ಚಿ ಮತ್ತೆ ಮಬ್ಬಾಗಿಯೇ ಕಂಡಿತು. ಗಾಬರಿಯಾಗಬೇಕಿಲ್ಲ, ಈ ಸಲ ಕಂಡದ್ದು ಕಾಗದ ಎಳೆದ ಗೀರುಗಳು. ಅವನ್ನು ಮುಚ್ಚಲು ಹೀಟ್ ಗನ್ ಬೇಕು. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಕೂದಲು ಒಣಗಿಸುವ ಡ್ರೈಯರ್ ಅಲ್ಲಿಗೆ ಮುಟ್ಟುವುದಿಲ್ಲ. ಮೇಣದಬತ್ತಿ, ಗ್ಯಾಸಿನ ಉರಿ ಹಿಡಿದರೆ ಮಸಿ ಹತ್ತುತ್ತದೆ, ಈ ಪ್ಲಾಸ್ಟಿಕ್ ಹೊತ್ತಿ ಹನಿಹನಿಯಾಗಿ ಉರಿದು ಬೀಳುತ್ತದೆ. ಪರಿಚಯದ ಎಲೆಕ್ಟ್ರಿಷಿಯನ್ ಬಳಿ ಒಂದು ಸಂಜೆಗೆ ಹೀಟ್ ಗನ್ ತಂದು, ಮೊದಲು ಆಸನದ ತಳದಲ್ಲಿ ಕೈ ಪಳಗಿಸಿಕೊಂಡೆ. ಮೂತಿಯನ್ನು ಒಂದು ಗೇಣು ದೂರ ಹಿಡಿದು, ಎಲ್ಲೂ ನಿಲ್ಲದೆ ಇಸ್ತ್ರಿ ಮಾಡುವ ಹಾಗೆ ಆಚೀಚೆ ಆಡಿಸಬೇಕು. ಕೆಲವು ಸೆಕೆಂಡಿನಲ್ಲಿ ಮಬ್ಬು ಸರಿದು, ಒದ್ದೆಯಾದಂತೆ ಹೊಳಪು ಹರಿದುಬರುತ್ತದೆ. ಹೊಳಪು ಬಂದ ಕ್ಷಣವೇ ಮುಂದಕ್ಕೆ ಸಾಗಬೇಕು. ಇನ್ನೊಂದು ಉಸಿರು ನಿಂತರೆ ಅಲೆ ಏಳುತ್ತದೆ, ಪಟ್ಟಿ ಬಾಗುತ್ತದೆ. ಎಡಗೈ ಆನಿಸುವ ಜಾಗದಲ್ಲಿ ನನ್ನ ಅಂಥ ಒಂದು ತಪ್ಪು ಈಗಲೂ ಇದೆ. ಪೂರ್ತಿ ಆರುವವರೆಗೆ ಯಾರೂ ಕೂರಬಾರದು.

ಉಜ್ಜದೆ ಬರೀ ಹೀಟ್ ಗನ್ ಹಿಡಿದರೂ ಬಣ್ಣ ಬರುತ್ತದೆ, ಹತ್ತೇ ನಿಮಿಷದಲ್ಲಿ. ಆದರೆ ಅದು ಸತ್ತ ಪದರವನ್ನೇ ಕರಗಿಸಿ ಮತ್ತೆ ಅಂಟಿಸಿದಂತೆ. ಕತ್ತರಿಸಿಹೋದ ಸರಪಳಿಗಳು ಕಾಯಿಸಿದ್ದಕ್ಕೆ ಕೂಡಿಕೊಳ್ಳುವುದಿಲ್ಲ. ಮತ್ತೆ ಬೇಗ ಬಿರಿಯುತ್ತದೆ.

ಕೆಂಪು ಕುರ್ಚಿಯಲ್ಲಿ ಉಜ್ಜಿದ ಮೇಲೆ ಅಲ್ಲಲ್ಲಿ ಕೆಂಪು ಕಂಡರೂ ಮಿಕ್ಕ ಕಡೆ ಗುಲಾಬಿ ಆಳಕ್ಕೇ ಇಳಿದಿತ್ತು. ಕೆಂಪು ಬರುವವರೆಗೂ ಉಜ್ಜುತ್ತ ಹೋಗಿದ್ದರೆ ಪಟ್ಟಿಗಳೇ ತೆಳ್ಳಗಾಗುತ್ತಿದ್ದವು. ಇಂಥದಕ್ಕೆ ಪೇಂಟೇ ದಾರಿ. ಹಿಂದೊಮ್ಮೆ ಗೇಟಿಗೆ ಹೊಡೆದು ಉಳಿದ ಎನಾಮೆಲನ್ನು ಸ್ಟೂಲೊಂದಕ್ಕೆ ಬಳಿದಿದ್ದೆ. ತಿಂಗಳೊಳಗೆ ಈರುಳ್ಳಿ ಸಿಪ್ಪೆಯಂತೆ ಎದ್ದುಬಂತು. ಪಾಲಿಪ್ರೊಪಿಲೀನಿನ ಮೈ ಕೆಸುವಿನೆಲೆಯಂಥದು, ದ್ರವ ಹರಡದೆ ಹನಿಗಟ್ಟುತ್ತದೆ. ಪೇಂಟು ಹಿಡಿಯಬೇಕಾದರೆ ಮೊದಲು ಇದೇ ಪ್ಲಾಸ್ಟಿಕ್ಕಿಗೆಂದು ಮಾಡಿದ ಪ್ರೈಮರ್ ಬೇಕು. ಕಾರಿನ ಬಂಪರ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನಿನವೇ ಆದ್ದರಿಂದ ಕಾರ್ ಪೇಂಟ್ ಮಾರುವ ಅಂಗಡಿಯಲ್ಲಿ ಬಂಪರ್ ಪ್ರೈಮರ್ ಎಂದರೆ ಸಿಗುತ್ತದೆ. 600 ನಂಬರಿನಲ್ಲೇ ಉಜ್ಜುವುದನ್ನು ನಿಲ್ಲಿಸಿ, ಜಿಡ್ಡಿಲ್ಲದಂತೆ ತೊಳೆದು ಒಣಗಿಸಿ, ಪ್ರೈಮರನ್ನು ಮಂಜು ಕೂರಿಸಿದಂತೆ ತೆಳ್ಳಗೆ ಹೊಡೆದೆ. ಡಬ್ಬಿಯ ಮೇಲೆ ಹೇಳಿದ ಹೊತ್ತಿನೊಳಗೇ ಸ್ಪ್ರೇ ಪೇಂಟಿನ ಮೂರು ತೆಳು ಪದರ. ವಾರ ಬಿಟ್ಟು ತಳದಲ್ಲಿ ಬ್ಲೇಡಿನಿಂದ ಅಡ್ಡ ಉದ್ದ ಗೀರಿ, ಸೆಲ್ಲೋಟೇಪ್ ಅಂಟಿಸಿ ಸರಕ್ಕನೆ ಕಿತ್ತೆ. ಟೇಪಿಗೆ ಪೇಂಟ್ ಬರಲಿಲ್ಲ. ಬಂದಿದ್ದರೆ ಎಲ್ಲ ಉಜ್ಜಿ ಮತ್ತೆ ಮೊದಲಿನಿಂದ.

ಖರ್ಚಿನ ಮಾತು ಹೇಳಬೇಕು. ನೀಲಿ ಕುರ್ಚಿಗೆ ಕಾಗದದ ದುಡ್ಡು ಬಿಟ್ಟರೆ ಏನೂ ತಗಲಲಿಲ್ಲ. ಕೆಂಪು ಕುರ್ಚಿಯ ಪ್ರೈಮರ್, ಪೇಂಟಿಗೆ ಕೊಟ್ಟದ್ದು ಹೊಸ ಕುರ್ಚಿಯ ಬೆಲೆಗೆ ಹತ್ತಿರವೇ ಬಂತು. ಒಂದೇ ಕುರ್ಚಿ ಇರುವವರಿಗೆ ಪೇಂಟ್ ಹೊಡೆಯಿರಿ ಎಂದು ನಾನು ಹೇಳಲಾರೆ. ನಾಲ್ಕಾರು ಇದ್ದರೆ ಲೆಕ್ಕ ಸರಿಹೋದೀತು.

ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆರೆಸಿದ್ದ ಬಿಸಿಲು ತಡೆಯುವ ರಾಸಾಯನಿಕವೂ ಎಂಟು ವರ್ಷದಲ್ಲಿ ಬಹುಪಾಲು ಖರ್ಚಾಗಿರುತ್ತದೆ. ಹಾಗಾಗಿ ಹೊಸದಾಗಿ ಕಂಡ ಹಳೇ ಕುರ್ಚಿ ಹೊಸ ಕುರ್ಚಿಗಿಂತ ಬೇಗ ಬಿಸಿಲಿಗೆ ಸೋಲುತ್ತದೆ. ನಾವೀಗ ಮಧ್ಯಾಹ್ನ ಎರಡನ್ನೂ ಒಂದರೊಳಗೊಂದು ಕೂರಿಸಿ ಹಳೇ ಬೆಡ್‌ಶೀಟ್ ಹೊದಿಸುತ್ತೇವೆ. ದೀಪಾವಳಿಗೆ ಬಂದ ಭಾವ ಬಿಳಿ ಪಂಚೆ ಉಟ್ಟಿದ್ದರು. ಕೂರುವ ಮುಂಚೆ ಅಂಗೈಯಿಂದ ನೀಲಿ ಕುರ್ಚಿಯನ್ನು ಒರೆಸಿ ನೋಡಿಕೊಂಡೇ ಕೂತರು. ಅಂಗೈಗೆ ಏನೂ ಹತ್ತಿರಲಿಲ್ಲ.